ಪೈಪು ನನ್ನ ಬಾಯಲ್ಲಿತ್ತು

ಥೈರಾಯ್ಡ್ ಆಪರೇಷನ್ ಆದಮೇಲೆ ನನ್ನ ದನಿ ಹೋಯ್ತು. ಪಿಸುಗುಟ್ಟೋಕಾಗುತ್ತೆ, ಅಷ್ಟೇ. ವಿಜಯನಗರ ಮಾರ್ಕೆಟ್ಟಲ್ಲಿ ಸೊಪ್ಪಿಗೆ ಚೌಕಾಸಿ ಮಾಡೋಕೂ ಅಮ್ಮ ಜೊತೆಗಿರಬೇಕು. ಅದಕ್ಕೆ ಮುಂಚೆ ನಾನೊಂದು ರಾಕ್ ಬ್ಯಾಂಡಲ್ಲಿ ಹಾಡ್ತಿದ್ದೆ, ಹಾಡು ಬರೀತಿದ್ದವಳೂ ನಾನೇ. ನಮ್ಮ ಗಿಟಾರಿಸ್ಟ್ ಒಂದಿನ ಮನೆಗೆ ಬಂದ. ಅಮ್ಮ ಕೊಟ್ಟ ಕಾಫಿ ಕುಡಿದು, "ಆಂಟಿ, ಇನ್ಮೇಲೆ ಇವಳು ಆರಾಮಾಗಿ ಮನೇಲಿರಲಿ" ಅಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ದರಿದ್ರದವನು.

ಆದ್ರೆ ನನ್ನ ಕೊನೇ ಹಾಡು ಅರ್ಧ ರೆಕಾರ್ಡ್ ಆಗಿತ್ತು. ಪಲ್ಲವಿ ಬಾಕಿ. ಅದನ್ನ ಗಿಟಾರ್ ಕೈಲೇ ಹಾಡಿಸ್ತೀನಿ ಅಂತ ಅವನು ಹೊರಟ. ಹಾಡು ನಂದಲ್ವಾ, ಕರೀದಿದ್ರೂ ಹೋದೆ. ಸ್ಟುಡಿಯೋ ಇರೋದು ಗೋವಿಂದರಾಜನಗರದಲ್ಲಿ, ಹಿಟ್ಟಿನ ಗಿರಣಿ ಮೇಲೆ. ಗಿರಣಿಯವರು ಊಟಕ್ಕೆ ಎದ್ದಾಗ ಮಾತ್ರ ರೆಕಾರ್ಡಿಂಗ್.

ಮೊದಲು ಗಿಟಾರಿಸ್ಟ್ ಗಿಟಾರಿಗೆ ಜೋಡಿಸಿದ ವಾ ಪೆಡಲ್ ತುಳಿದ. ಹಿಮ್ಮಡಿ ಒತ್ತಿದ್ರೆ ಸ್ವರ ಮಂಕಾಗಿ 'ಊ' ಅನ್ನುತ್ತೆ, ಕಾಲ್ಬೆರಳ ತುದಿ ಒತ್ತಿದ್ರೆ ಚೂಪಾಗಿ 'ಆ' ಅಂತ ಬಾಯಿ ತೆಗೆಯುತ್ತೆ. ತಂತಿಯ ಶಬ್ದದಲ್ಲಿ ಯಾವ ಭಾಗ ಎದ್ದು ಕೇಳ್ಬೇಕು ಅನ್ನೋದನ್ನ ಆ ಪೆಡಲ್ ಮೇಲೆ ಕೆಳಗೆ ಸರಿಸುತ್ತೆ, ಅಷ್ಟೇ. ಎಷ್ಟು ತುಳಿದ್ರೂ ಹಸಿದ ಮಗು ಥರ 'ಉವಾ ಉವಾ' ಅಂತೇ ಹೊರತು ಮಾತು ಬರಲಿಲ್ಲ.

ಆಗ ಸ್ಟುಡಿಯೋ ನಡೆಸೋ ಅಣ್ಣ ಮೂಲೆಯಿಂದ ಟಾಕ್ ಬಾಕ್ಸ್ ತೆಗೆದ. ಆಂಪ್ಲಿಫೈಯರ್ ಶಬ್ದ ದೊಡ್ಡ ಸ್ಪೀಕರಿಗೆ ಹೋಗೋ ಬದಲು ಆ ಡಬ್ಬಿಯೊಳಗೆ ಹೋಗಿ, ಒಂದು ಪ್ಲಾಸ್ಟಿಕ್ ಪೈಪಲ್ಲಿ ಹೊರಗೆ ಬರುತ್ತೆ. ಪೈಪಿನ ತುದಿ ಬಾಯಲ್ಲಿಟ್ಕೊಂಡು ನಾಲಿಗೆ ತುಟಿ ಆಡಿಸಿದ್ರೆ ಗಿಟಾರ್ ಶಬ್ದಾನೇ ಮಾತಾಗುತ್ತೆ, ಎದುರಿನ ಮೈಕ್ ಅದನ್ನ ಹಿಡಿಯುತ್ತೆ. ಗಿಟಾರಿಸ್ಟ್ ಪ್ರಯತ್ನಪಟ್ಟ. ಕೈ ಆಡಿದ್ರೆ ಬಾಯಿ ನಿಲ್ತಿತ್ತು, ಬಾಯಿ ಆಡಿದ್ರೆ ಕೈ. ಜೊಲ್ಲು ಶರ್ಟ್ ಮೇಲೆ. "ಥೂ!" ಅಂತ ಬಿಸಾಕಿದ.

ಅಣ್ಣ ನನ್ನ ನೋಡಿದ. "ಇದಕ್ಕೆ ಗಂಟಲು ಬೇಡಮ್ಮ, ಬಾಯಿ ಸಾಕು."

ಪೈಪು ಒರೆಸಿ ಬಾಯಿಗಿಟ್ಕೊಂಡೆ. ಗಿಟಾರಿಸ್ಟ್ ತಂತಿ ಮೀಟಿದ, ಹಲ್ಲೆಲ್ಲಾ ಜುಮ್ ಅಂತು. ನನ್ನದೇ ಸಾಲು ಬಾಯಾಡಿಸಿದೆ: 'ಬಾಗಿಲು ತೆಗಿ, ಇನ್ನೂ ಇದೀನಿ.' ಆಮೇಲೆ ಕೇಳಿಸಿದ್ರು. ದನಿ ತಂತೀದು, ಮಾತು ನಂದು! ಅಯ್ಯೋ ದೇವ್ರೇ, ಎಷ್ಟು ಅತ್ತೆ ಅಂತೀರಾ.

ಇನ್ನೊಂದು ಸಲ ಮಾಡೋಣ ಅಂದ ಗಿಟಾರಿಸ್ಟ್. ಸಾಲಿನ ಮಧ್ಯೆ ಬೇಕಂತಲೇ ತಂತಿ ಮೇಲೆ ಅಂಗೈ ಇಟ್ಟ. ಶಬ್ದ ನಿಂತಿತು, ನನ್ನ ಬಾಯಿ ಮಾತ್ರ ಆಡ್ತಾನೇ ಇತ್ತು. "ನೋಡಿದ್ರಾ? ನಾನು ನಿಲ್ಲಿಸಿದ್ರೆ ಇವಳು ಮೀನು" ಅಂದ. ಬ್ಯಾಂಡಿನವರೆಲ್ಲಾ ನಕ್ಕರು. ಆ ಅಣ್ಣನೂ ನಕ್ಕ.

ಹಾಡು ಆನ್‌ಲೈನಲ್ಲಿ ಬಂತು. ಅವನ ಹೆಸರೊಂದೇ ಇತ್ತು. ವಿಡಿಯೋದಲ್ಲಿ ಪೈಪು ಅವನ ಬಾಯಲ್ಲಿ, ನನ್ನ ಮಾತಿಗೆ ಅವನು ತುಟಿ ಕುಣಿಸ್ತಿದ್ದಾನೆ! ಯಾಕೋ ಹೀಗೆ ಅಂತ ಮೆಸೇಜ್ ಹಾಕಿದೆ. "ಶಬ್ದ ನಂದು, ನಿಂದು ಬರೀ ಜೊಲ್ಲು ಕಣೇ" ಅಂತ ಉತ್ತರ ಬಂತು.

ಆಮೇಲೆ ಕೆಂಗೇರಿ ಕಡೆ ಒಂದು ಕಾಲೇಜ್ ಫೆಸ್ಟ್. ಹುಡುಗರಿಗೆ ಮಾತಾಡೋ ಗಿಟಾರೇ ಬೇಕು. ಈಗ ನೆನಪಾದೆ ನಾನು. "ಮಾನ ಮರ್ಯಾದೆ ಇದ್ರೆ ಹೋಗ್ಬೇಡ" ಅಂದಳು ಅಮ್ಮ. ಹೋದೆ. ನನ್ನ ಮಾತು ಇನ್ನೊಂದು ಸಲ ಜೋರಾಗಿ ಕೇಳ್ಬೇಕಿತ್ತು, ಅದಕ್ಕೆ. ಅವನು ನನ್ನನ್ನ ಸ್ಪೀಕರ್ ಗೋಪುರದ ಹಿಂದೆ, ಜನಕ್ಕೆ ಕಾಣದ ಹಾಗೆ ನಿಲ್ಲಿಸಿದ. ಡಬ್ಬಿ, ಅದರ ಸ್ವಿಚ್ಚು ನನ್ನ ಕಾಲ ಹತ್ತಿರ, ಮೈಕ್ ನನ್ನ ಮುಂದೆ. ಅವನ ಬಾಯಲ್ಲಿ ಎಲ್ಲಿಗೂ ಸೇರದ ಇನ್ನೊಂದು ಖಾಲಿ ಪೈಪು. "ಹೊರಗೆ ತಲೆ ಹಾಕಿದ್ರೆ ನೋಡು" ಅಂದ.

ಪಲ್ಲವಿ ಬಂತು, ಸ್ವಿಚ್ ಒತ್ತಿದೆ. ಇನ್ನು ಗಿಟಾರಿಗೆ ನನ್ನ ಬಾಯಿ ಬಿಟ್ರೆ ಬೇರೆ ದಾರಿ ಇಲ್ಲ. 'ಬಾಗಿಲು ತೆಗಿ' ಅಂದೆ. ಮೈದಾನವೆಲ್ಲಾ ಹೋ ಅಂತು. ಅವನು ಆ ಖಾಲಿ ಪೈಪು ಕಚ್ಕೊಂಡು ಕೈ ಎತ್ತಿ ಚಪ್ಪಾಳೆ ತಗೊಂಡ.

ತುಟಿ ಬಿಗಿಯಾಗಿ ಮುಚ್ಚಿದೆ.

ಅವನು ಮೀಟ್ತಾನೆ, ಶಬ್ದ ಇಲ್ಲ. ಎಲ್ಲಾ ನನ್ನ ಕೆನ್ನೆಯೊಳಗೇ ಗುಂಯ್ ಅಂತಿದೆ. ಗಾಬರಿಯಾಗಿ ವಾ ಪೆಡಲ್ ತುಳಿದ. ಅದರ ಶಬ್ದವೂ ನನ್ನ ಬಾಯಿಗೇ ಬರ್ಬೇಕಲ್ವಾ, ಪೆದ್ದ! ಅಷ್ಟು ಜನದ ಮುಂದೆ ಬಾಯಿ ತೆಗೀತಾನೆ, ಮುಚ್ತಾನೆ. ಮೀನು. ಮೊದಲು ಯಾರೋ ನಕ್ಕರು, ಆಮೇಲೆ ಮೈದಾನವೇ ಕೂಗಿ ಗೇಲಿ ಮಾಡ್ತು. ನಂಗೆ ಅಯ್ಯೋ ಅನ್ನಿಸಲಿಲ್ಲ. ಈಗಲೂ ಅನ್ನಿಸಲ್ಲ.

ಹಿಂದೆ ಓಡಿಬಂದು ಪೈಪು ಕಿತ್ಕೊಂಡ, ತುಟಿ ಹರಿದು ರಕ್ತ ಬಂತು. "ಯಾಕೆ ಮುಚ್ಕೊಂಡೆ? ಹೇಳೇ!" ಅಂತ ಅರಚಿದ. ಹೇಳಿದೆ. ಆ ಗಲಾಟೇಲಿ ಅವನಿಗೆ ಕೇಳಿಸಲಿಲ್ಲ. ಡಬ್ಬಿ ಎತ್ಕೊಂಡು ಹೋದ.

ಸಂಜೆ ಮನೆಗೆ ಬಂದಾಗ ಅಮ್ಮ ಅಡುಗೆಮನೇಲಿದ್ದಳು, ಕುಕ್ಕರ್ ಕೂಗ್ತಿತ್ತು. "ಏನಾಯ್ತೇ?" ಅಂತ ಅಲ್ಲಿಂದಲೇ ಕೇಳಿದಳು. ಎಲ್ಲಾ ಪಿಸುಗುಟ್ಟಿ ಹೇಳಿದೆ.

"ಬಂದ್ಯಾ? ಏನಾಯ್ತೇ?" ಅಂತ ಮತ್ತೆ ಕೇಳಿದಳು.