ಗೋಮುಖ, ಹುಲಿಮುಖ

ವಡೋದರಾದ ಹೊರವಲಯದ ಒಂದು ಬಡಾವಣೆಗೆ ನಕ್ಷೆ ಬರೆದವಳು ನಾನು. ಜಮೀನು ಕಾಲುವೆಯ ಜೊತೆಗೇ ಬಾಗಿತ್ತು, ಹಾಗಾಗಿ ಒಂಬತ್ತು ಮೀಟರಿನ ಒಳರಸ್ತೆಯನ್ನೂ ಬಾಗಿಸಿದೆ. ತಿರುವಿನ ಹೊರಮಗ್ಗುಲಿನ ಸೈಟುಗಳು ಮುಂದೆ ಕಿರಿದಾಗಿ ಹಿಂದೆ ಅಗಲವಾದವು. ವಾಸ್ತುವಿನಲ್ಲಿ ಅದು ಗೋಮುಖ, ಮನೆಗೆ ಶುಭವಂತೆ. ಒಳಮಗ್ಗುಲಿನವು ಮುಂದೆ ಅಗಲ, ಹಿಂದೆ ಕಿರಿದು. ಅದು ಹುಲಿಮುಖ, ಅಂಗಡಿಗೆ ಮಾತ್ರವಂತೆ.

ಗುಜರಾತಿ ಬಿಲ್ಡರ್ ನಕ್ಷೆ ನೋಡಿ, "ಬೇನ್, ಎಲ್ಲಾನೂ ಗೋಮುಖ ಮಾಡಿಬಿಡಿ" ಎಂದರು.

"ತಿರುವಿನ ಎರಡೂ ಕಡೆ ಹೊರಮಗ್ಗುಲು ಇರಲ್ಲ, ಸೇಠ್."

"ಕಂಪ್ಯೂಟರಲ್ಲಿ ಮಾಡಿ."

ಎರಡು ದಿನ ಕಂಪ್ಯೂಟರಿನಲ್ಲಿ ಮಾಡಿದೆ. ಜ್ಯಾಮಿತಿ ಅವರಿಗಿಂತ ಹಟಮಾರಿ. ಕೊನೆಗೆ, ನಿಯಮದಂತೆ ಬಿಡಲೇಬೇಕಾದ ಖಾಲಿ ಜಾಗವನ್ನು ಬಡಾವಣೆಯ ಹಿಂದಿನ ಮೂಲೆಯಿಂದ ಎತ್ತಿ ಒಳಮಗ್ಗುಲಿಗೆ ತಂದೆ. ಹುಲಿಮುಖಗಳೆಲ್ಲ ಸೇರಿ ಒಂದು ಪಾರ್ಕ್ ಆಯಿತು. ಪಾರ್ಕಿಗೆ ವಾಸ್ತು ಯಾರೂ ಕೇಳುವುದಿಲ್ಲ. ನಕ್ಷೆ ಪಾಸಾಯಿತು, ಸೈಟುಗಳೂ ಮಾರಿಹೋದವು.

ಮೊನ್ನೆ ಆ ಕಡೆ ಹೋಗಿದ್ದೆ. ಗೋಮುಖದ ಮನೆಗಳೆಲ್ಲ ದನ ನುಗ್ಗದಂತೆ ಗೇಟು ಹಾಕಿಕೊಂಡಿದ್ದವು. ಹುಲಿಮುಖದೊಳಗೆ ನಾಲ್ಕು ಹಸುಗಳು ಆರಾಮಾಗಿ ಮೇಯುತ್ತಿದ್ದವು.