ನಡುವೆ ಮೀಟಿದ ತಂತಿ

ನನ್ನ ಸಹಪಾಠಿಯೊಬ್ಬಳ ಬಲಗಣ್ಣು ಉಳಿದದ್ದು ಒಂದು ಸೊನ್ನೆಯಿಂದ. ಆ ಸೊನ್ನೆಯನ್ನು ಬರೆದವರು ನಮ್ಮ ಭೌತಶಾಸ್ತ್ರದ ಮೇಷ್ಟ್ರು. ಆ ಕಣ್ಣನ್ನು ಅಪಾಯಕ್ಕೆ ಒಡ್ಡಿದವರೂ ಅವರೇ. ಹೀಗೆ ಎರಡೂ ಕೈಯಿಂದ ಉಪಕಾರ ಮಾಡುವ ಗುರುಗಳು ಎಲ್ಲರಿಗೂ ಸಿಗುವುದಿಲ್ಲ.

ತೊಂಬತ್ತರ ದಶಕದ ಕೊನೆ. ಕುಂದಾಪುರದ ಕಾಲೇಜಿನ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆವು. ಪ್ರಯೋಗಾಲಯದಲ್ಲಿ ಒಂದು ಸೋನೋಮೀಟರ್ ಇತ್ತು: ಉದ್ದನೆಯ ಟೊಳ್ಳು ಮರದ ಪೆಟ್ಟಿಗೆ, ಒಂದು ತುದಿಯಲ್ಲಿ ಗೂಟಕ್ಕೆ ಸುತ್ತಿದ ಉಕ್ಕಿನ ತಂತಿ, ಇನ್ನೊಂದು ತುದಿಯಲ್ಲಿ ರಾಟೆಯ ಮೇಲಿಂದ ಇಳಿಬಿದ್ದು ತೂಕದ ಬಿಲ್ಲೆಗಳನ್ನು ಹೊತ್ತ ಅದೇ ತಂತಿ. ನಡುವೆ ತಂತಿಯನ್ನು ಎತ್ತಿ ಹಿಡಿಯುವ ಎರಡು ಮರದ ಕುದುರೆಗಳು. ಸಮುದ್ರದ ಗಾಳಿ ಆ ತಂತಿಗೆ ವರ್ಷಗಟ್ಟಲೆ ತುಕ್ಕಿನ ಬಣ್ಣ ಹಚ್ಚಿತ್ತು. ವಿಭಾಗದವರು ಅದನ್ನು ಬಣ್ಣವೆಂದೇ ಭಾವಿಸಿದ್ದರು.

ಹಿಂದಿನ ದಿನ ಮೇಷ್ಟ್ರು ಕಪ್ಪುಹಲಗೆಯ ಮೇಲೆ, ಎರಡೂ ತುದಿ ಬಿಗಿದ ತಂತಿಯನ್ನು ಸರಿಯಾಗಿ ನಡುವೆ ಎಳೆದು ಬಿಟ್ಟರೆ ಆಗುವ ಕಂಪನವನ್ನು ಸೈನ್ ಸರಣಿಯಾಗಿ ಬಿಡಿಸಿದ್ದರು. ಒಂದೊಂದು ಪದವೂ ತಂತಿಯೊಳಗಿನ ಒಂದೊಂದು ಸ್ವರದ ಬಲ. ಮೊದಲ ಪದ ಒಂದು. ಮೂರನೆಯದು ಒಂಬತ್ತನೇ ಒಂದು, ಐದನೆಯದು ಇಪ್ಪತ್ತೈದನೇ ಒಂದು, ಚಿಹ್ನೆ ಮಾತ್ರ ಅದಲುಬದಲು. ಎರಡು, ನಾಲ್ಕು, ಆರು ಎಲ್ಲಕ್ಕೂ ಸೊನ್ನೆ. ನಾವು ಭಕ್ತಿಯಿಂದ ಬರೆದುಕೊಂಡೆವು. ಸೊನ್ನೆ ಬರೆಯುವುದು ಸುಲಭವಾದ್ದರಿಂದ ಅದರ ಮೇಲೆ ವಿಶೇಷ ಪ್ರೀತಿಯೂ ಇತ್ತು.

ಮರುದಿನ ಅದೇ ಹಲಗೆಯ ಮುಂದೆ, ಅದನ್ನು ಒರೆಸದೆ, ಅವರು ಎರಡನೇ ಹರಾತ್ಮಕವನ್ನು, ಅಂದರೆ ಮೇಲಿನ ಸ-ವನ್ನು, ಕೇಳಿಸಲು ಹೊರಟರು. ಉಪಾಯ ಹಳೆಯದು. ತಂತಿ ಮೀಟಿ, ಕೂಡಲೇ ನಟ್ಟನಡುವೆ ಗರಿಯಿಂದ ಮುಟ್ಟಬೇಕು. ಅಲ್ಲಿ ಕುಣಿಯುವ ಒಂದು, ಮೂರು, ಐದು ಸಾಯುತ್ತವೆ. ಅಲ್ಲಿ ನಿಶ್ಚಲವಾಗಿರುವ ಎರಡು, ನಾಲ್ಕು ಉಳಿಯುತ್ತವೆ. ಮೇಷ್ಟ್ರು ನಟ್ಟನಡುವೆ ಮೀಟಿ ನಟ್ಟನಡುವೆ ಮುಟ್ಟಿದರು.

ಮೌನ.

"ಎಂತದೂ ಕೇಣ್ತಿಲ್ಲ ಸಾರ್," ಅಂದಳು ಶಂಕರನಾರಾಯಣ ಎಂಬ ಊರಿನ ಕಡೆಯಿಂದ ಬರುತ್ತಿದ್ದ, ವೀಣೆ ಕಲಿಯುತ್ತಿದ್ದ ಆ ಸಹಪಾಠಿ.

ಮೇಷ್ಟ್ರಿಗೆ ಯಕ್ಷಗಾನದ ಹುಚ್ಚು. ಮದ್ದಳೆ ಮಾತಾಡದಿದ್ದರೆ ಬಿಗಿ ಮಾಡಬೇಕು ಎಂಬುದು ಅವರಿಗೆ ರಾತ್ರಿಗಟ್ಟಲೆ ಕಂಡು ಗೊತ್ತಿದ್ದ ವಿಜ್ಞಾನ.

"ಬಿಗಿ ಸಾಕಾತಿಲ್ಲ, ಹೆಣೆ," ಅಂದರು ಅವಳಿಗೆ. "ಇನ್ನೊಂದ್ ತೂಕ ಹಾಕುವ."

ಹಾಕಿದರು. ಶ್ರುತಿ ಏರಿತು, ಮುಟ್ಟಿದೊಡನೆ ಅದೇ ಮೌನ. ಇನ್ನೊಂದು ಹಾಕಿದರು. ಇನ್ನಷ್ಟು ಎತ್ತರದ ಶ್ರುತಿಯಲ್ಲಿ ಅದೇ ಮೌನ. ಗೂಟದ ಬಳಿ ತಂತಿಯ ಮಡಿಕೆಯಲ್ಲಿ ತುಕ್ಕಿನ ಪುಡಿ ಉದುರಿದ್ದು ನನಗೆ ಕಂಡಿತು.

"ಸಾರ್, ತಂತಿ ಕಡಿತ್ತ್," ಅಂದೆ.

"ಎಂತ ಆತಿಲ್ಲ ಮಾರಾಯಾ. ನೀ ಹೆದ್ರುದಾರೆ ಹೊರ್ಗೆ ಹೋಯ್ ನಿಲ್." ಅವಳ ಕಡೆ ತಿರುಗಿ, "ಸಣ್ಣ ಸ್ವರ ಅದ್. ಪೆಟ್ಗಿಗೆ ಕೆಮಿ ಇಟ್ ಕೇಣ್" ಅಂದರು.

ಅವಳು ಪೆಟ್ಟಿಗೆಯ ಮೇಲೆ ಕಿವಿ ಇಟ್ಟಳು. ಬಲಗಣ್ಣಿನಿಂದ ತಂತಿಗೆ ಒಂದು ಗೇಣೂ ಇರಲಿಲ್ಲ. ಮೇಷ್ಟ್ರು ಮತ್ತೆ ನಡುವೆ ಮೀಟಿದರು. ಅವಳು ಕೇಳಿದಳು, ಹುಬ್ಬು ಗಂಟಿಕ್ಕಿದಳು. ಆಮೇಲೆ ಕಿಸಕ್ಕನೆ ನಕ್ಕು ತಲೆ ಎತ್ತಿ ಹಲಗೆಯತ್ತ ನಡೆದಳು.

"ಸಾರ್, ಇದ್ ಬಪ್ದೇ ಇಲ್ಲ! ಕಾಣಿ, ನೀವೇ ಬರದ್ ಸೊನ್ನೆ. ನಡು ಮೀಟಿರೆ ಎರಡನೇದ್ ಹುಟ್ಟುದೇ ಇಲ್ಲ. ಹುಟ್ಟಿದ್ ಎಲ್ಲ ಮುಟ್ಟಿ ಕೊಂದ್ರಿ. ಇನ್ನ್ ಎಂತ ಕೇಂಬುದ್? ಅದ್ಕೇ ವೀಣೆ ಯಾರೂ ನಡು ಮೀಟುದಿಲ್ಲ, ಟೊಳ್ಳ್ ಕೇಣತ್ತ್."

ಮೇಷ್ಟ್ರು ಹಲಗೆ ನೋಡಿದರು. ಅವರ ಕೈ, ಹೇಗೂ ಹೊರಟದ್ದರಿಂದ, ಇನ್ನೊಂದು ಬಿಲ್ಲೆಯನ್ನು ಸೇರಿಸಿತು.

ತಂತಿ ಗೂಟದ ಬಳಿ ಕಡಿಯಿತು. ತೂಕಗಳು ನೆಲಕ್ಕೆ ಬಿದ್ದ ಸದ್ದಿಗಿಂತ ಮೊದಲು ಇನ್ನೊಂದು ಸಣ್ಣ ಸದ್ದು ಬಂದಿತ್ತು: ತಂತಿಯ ತುದಿ, ಅವಳ ಮುಖವಿದ್ದ ಜಾಗದಲ್ಲಿ ಪೆಟ್ಟಿಗೆಯ ವಾರ್ನಿಶ್ ಮೇಲೆ ಗೀಚಿದ್ದು.

ಅವಳು ಸೊನ್ನೆಯ ಮೇಲೆ ಬೆರಳಿಟ್ಟು ನಿಂತಿದ್ದಳು.

ಮೇಷ್ಟ್ರು ಬಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಹೆಕ್ಕಿದರು. ಆಮೇಲೆ ಹೊಸ ತಂತಿ ತರಿಸಿ, ಹಗುರ ತೂಕ ಕಟ್ಟಿ, ನಮ್ಮನ್ನೆಲ್ಲ ಗೋಡೆಗೆ ಒತ್ತಿ ನಿಲ್ಲಿಸಿ, ಕಾಲುಭಾಗದಲ್ಲಿ ಮೀಟಿ ನಡುವೆ ಮುಟ್ಟಿದರು. ಮೇಲಿನ ಸ ಗೋಡೆಯವರೆಗೂ ಕೇಳಿಸಿತು. ಕಿವಿ ಇಡುವ ಅಗತ್ಯವೇ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬ್ರಹ್ಮಾವರದಲ್ಲಿ ಅವಳ ಮನೆಗೆ ಹೋದೆ. ಈಗ ಅವಳು ವೀಣೆ ಕಲಿಸುತ್ತಾಳೆ. ತಂತಿ ಮೀಟಿ ತೋರಿಸಿದಳು: ಎರಡನೆಯದು ಮೇಲಿನ ಸ, ಮೂರನೆಯದು ಅದರಾಚೆಯ ಪ, ಐದನೆಯದು ಇನ್ನೂ ಆಚೆ, ಗಾಂಧಾರ. ಎಲ್ಲವೂ ಒಂದೇ ತಂತಿಯೊಳಗೆ. ನಾನು ಬಾಗಿಲಲ್ಲೇ ನಿಂತು ವಿದ್ಯಾವಂತನಂತೆ ತಲೆಯಾಡಿಸಿದೆ.

"ಹ್ವಾಯ್, ಒಳ್ಗೆ ಬನಿ ಮಾರಾಯ್ರೆ," ಅಂದಳು, ಶ್ರುತಿ ಮಾಡಲು ತಂತಿ ಬಿಗಿಯುವ ಬಿರಡೆಗೆ ಕೈ ಹಾಕುತ್ತ. "ಇದ್ಕೆ ತೂಕ ಕಟ್ಲಿಲ್ಲ."

ಒಳಗೆ ಹೋದೆ. ಬಿರಡೆ ಕಿರ್ರೆಂದಾಗ ಕಣ್ಣು ಮುಚ್ಚಿಕೊಂಡದ್ದು ನಾನೊಬ್ಬನೇ. ಅವಳ ಎರಡು ಕಣ್ಣೂ ತಂತಿಯ ಮೇಲೇ ಇದ್ದವು.