ಮುಂಗೈಗೆ ಹಚ್ಚಿದ ಗುಲಾಬಿ ಅತ್ತರು

ಓದುವ ಮಹನೀಯರ ಅವಗಾಹನೆಗೆ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಪುನುಗಿನ ವಾಸನೆ ಎಲ್ಲಿಂದಲಾದರೂ ಮೂಗಿಗೆ ಬಡಿದರೆ ನಾನು ಇಂದಿಗೂ ಅಲ್ಲಿ ನಿಲ್ಲಲಾರೆ. ದೇವಸ್ಥಾನದಲ್ಲಿ ಸ್ವಾಮಿಗೆ ಪುನುಗು ಹಚ್ಚುವ ದಿನ ನಾನು ಕಂಬದ ಮರೆಗೆ ಹೋಗಿ ನಿಲ್ಲುತ್ತೇನೆ. ಇದಕ್ಕೆ ಕಾರಣವಾದ ಸಂಗತಿಯನ್ನು ನಡೆದ ಕ್ರಮದಲ್ಲೇ ಬರೆಯಲು ಯತ್ನಿಸುತ್ತೇನೆ. ಕಚೇರಿಯ ಕಾಗದಗಳ ನಕಲು ತೆಗೆಯುವುದನ್ನು ಬಿಟ್ಟರೆ ನನಗೆ ಬರವಣಿಗೆಯ ಅಭ್ಯಾಸವಿಲ್ಲ. ತಪ್ಪುಗಳಿದ್ದಲ್ಲಿ ಮನ್ನಿಸಬೇಕು.

ಆಗ ನಾನು ತಮಿಳು ಸೀಮೆಯ ದಿಂಡಿಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಮನೆ ಕಂಬಂ ಕಣಿವೆಯ ಕೊಂಬೈಯಲ್ಲಿ. ತಂದೆಯವರು ಕಾಲಿನ ಹುಣ್ಣು ಕೊಳೆತು, ಅದು ಮಾಯದೆ ತೀರಿಕೊಂಡಿದ್ದರು. ಕೊನೆಯ ದಿನಗಳಲ್ಲಿ ಆ ನಾತ ಬೀದಿಯವರೆಗೂ ಬರುತ್ತಿತ್ತು. ಅವರು ಹೋದ ಮೇಲೆ ನಾತ ಹೋಯಿತು, ಮಾತು ಉಳಿಯಿತು. ನಮ್ಮ ಕುಲದ ರಕ್ತವೇ ಕೆಟ್ಟದ್ದು, ಮಕ್ಕಳ ಮೈಯಲ್ಲೂ ಅದು ಇದ್ದೇ ಇರುತ್ತದೆ ಎಂದು ಜನ ಆಡಿಕೊಂಡರು. ನನ್ನ ತಂಗಿಗೆ ಬಂದಿದ್ದ ಒಂದು ಸಂಬಂಧ ಈ ಮಾತಿನಿಂದಲೇ ಮುರಿಯಿತು. ಎರಡನೆಯದು ಕಂಬಂ ಕಡೆಯಿಂದ ಬಂತು. ನಮ್ಮವರೇ, ನಮ್ಮ ಕನ್ನಡವನ್ನೇ ಆಡುವ ಒಕ್ಕಲು ಜನ, ಗದ್ದೆ ತೋಟ ಉಳ್ಳವರು. ಇದೂ ಅದೇ ಕಾರಣಕ್ಕೆ ತಪ್ಪಿದರೆ ಮೂರನೆಯವರು ನಮ್ಮ ಹೊಸ್ತಿಲು ತುಳಿಯುವುದಿಲ್ಲವೆಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ನಮ್ಮಲ್ಲಿ ಹೆಣ್ಣು ನೋಡಲು ಬಂದಾಗ ವರನ ತಾಯಿ ಹುಡುಗಿಯ ಎರಡು ಕೈಗಳನ್ನೂ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಳ್ಳುವುದು ಪದ್ಧತಿ. ಕೈ ಕಣ್ಣಿಗೆ ಹೋದರೆ ಮೂಗಿಗೂ ಹೋಗುತ್ತದೆ. ಒಳ್ಳೆಯ ಅತ್ತರು ಬೇಕೆಂದು ನನಗೆ ತೋರಿದ್ದು ಈ ಕಾರಣದಿಂದ.

ದಿಂಡಿಗಲ್ಲಿನ ಪೇಟೆಯಲ್ಲಿ ತಮಿಳು ಮುಸಲ್ಮಾನ ರಾವುತ್ತರೊಬ್ಬರ ಅತ್ತರಿನ ಅಂಗಡಿಯಿತ್ತು. ಒಂದು ಕಡೆಯಿಂದ ಹೊಗೆಸೊಪ್ಪಿನ ಮಂಡಿಯ ಘಾಟು, ಇನ್ನೊಂದು ಕಡೆಯಿಂದ ತೊಗಲು ಹದ ಮಾಡುವವರ ಸುಣ್ಣದ ಗುಂಡಿಯ ದುರ್ವಾಸನೆ. ಇವುಗಳ ನಡುವೆ ಕುಳಿತು ಅವರು ಗುಲಾಬಿ ಮಾರುತ್ತಿದ್ದರು. ನಾನು ತೋರಿಸಿದ ಸೀಸೆಯಿಂದ ಕಡ್ಡಿಯ ತುದಿಯಲ್ಲಿ ತುಸು ತೆಗೆದು ನನ್ನ ಎರಡು ಮುಂಗೈಗಳಿಗೂ ಮುಟ್ಟಿಸಿದರು. ನಾನು ಕೂಡಲೇ ಒಂದಕ್ಕೊಂದು ಉಜ್ಜಲು ಹೋದೆ. ಅವರು ನನ್ನ ಒಂದು ಕೈಯನ್ನು ಹಿಡಿದು ತಡೆದರು.

"ತಂಬಿ, ಇದೇನು ಮಂಡಿನೋವಿನ ತೈಲವಾ?" ಎಂದು ತಮಿಳಿನಲ್ಲಿ ಕೇಳಿದರು. "ಈ ಕೈ ಹಾಗೇ ಇರಲಿ. ಆ ಕೈಯನ್ನ ಬೇಕಾದರೆ ಪಂಚೆಗೆ ಉಜ್ಜಿಕೊ. ಪೇಟೆ ಸುತ್ತಿಕೊಂಡು ಬಾ."

ನಾನು ಹಾಗೆಯೇ ಮಾಡಿ, ಬೇರೆ ಕೆಲಸ ಮುಗಿಸಿಕೊಂಡು ಬಂದು ಮೂಸಿ ನೋಡಿದೆ. ಮುಟ್ಟದೆ ಬಿಟ್ಟ ಕೈಯಲ್ಲಿ ಗುಲಾಬಿ ಇನ್ನೂ ಇತ್ತು, ಅದರ ಹಿಂದೆ ಗಂಧ. ಉಜ್ಜಿದ ಕೈಯಲ್ಲಿ ಹೂವು ಬಹುಪಾಲು ಹೋಗಿ, ಏನೋ ಒಂದು ಮೃಗದ ವಾಸನೆ ಮೇಲೆದ್ದಿತ್ತು.

"ಅದು ಪುನುಗು, ಪುನುಗುಬೆಕ್ಕಿನ ಜಿಡ್ಡು," ಎಂದರು. "ಈ ಸೀಸೆಯಲ್ಲಿ ಅದು ಸ್ವಲ್ಪ ಜಾಸ್ತಿಯೇ. ಬಹಳ ಹೊತ್ತು ನಿಲ್ಲಲಿ ಅಂತ ಹಾಕೋದು. ಹೂವಿನ ವಾಸನೆ ಹಗುರ, ಬಿಸಿ ತಾಗಿದರೆ ಮೊದಲು ಅದೇ ಹಾರುತ್ತೆ. ಉಜ್ಜಿದರೆ ಬಿಸಿ ಹೆಚ್ಚು, ಮೈಯ ಜಿಡ್ಡೂ ಬೆವರೂ ಜೊತೆಗೆ ಕಲಸಿಕೊಳ್ಳುತ್ತೆ. ತೂಕದ್ದು ಮಾತ್ರ ಕೂತುಕೊಳ್ಳುತ್ತೆ."

ಎಲ್ಲೆಲ್ಲಿ ಹಚ್ಚಬೇಕೆಂಬುದನ್ನು ತಮ್ಮ ಮೈಮೇಲೆ ತೋರಿಸಿಯೇ ಹೇಳಿದರು. ನಾಡಿ ಹಿಡಿಯುವ ಮುಂಗೈ, ಕಿವಿಯ ಹಿಂಭಾಗ, ಕತ್ತಿನ ಕುಳಿ, ಮೊಣಕೈಯ ಒಳಮಡಿಕೆ. ಅಲ್ಲೆಲ್ಲ ರಕ್ತ ತೊಗಲಿನ ಹತ್ತಿರವೇ ಹರಿಯುವುದರಿಂದ ಆ ಬಿಸುಪು ವಾಸನೆಯನ್ನು ತುಸುತುಸುವಾಗಿ ಮೇಲಕ್ಕೆ ಕಳುಹಿಸುತ್ತದೆ. ಮಿಂದು ಒರಸಿಕೊಂಡ ಮೈಗೆ ಮುಟ್ಟಿಸಿ ಬಿಟ್ಟುಬಿಡಬೇಕು. ಬೆವರಿನ ಮೇಲೆ ಬೇಡ, ಕಂಕುಳಿಗಂತೂ ಬೇಡವೇ ಬೇಡ, ರೇಷ್ಮೆಗೆ ತಾಗಿದರೆ ಕಲೆ. ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು, ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಊರು ಸೇರಿದೆ.

ತಾಯಿಯವರು ವಿಧವೆಯಾದ್ದರಿಂದ ಶುಭಕಾರ್ಯದಲ್ಲಿ ಎದುರಿಗೆ ಬಾರದೆ ಅಡುಗೆಮನೆಯಲ್ಲೇ ಇದ್ದರು. ತಂಗಿಯನ್ನು ಸಿಂಗರಿಸುವ ಜವಾಬ್ದಾರಿಯನ್ನು ನನ್ನ ಸೋದರತ್ತೆ ವಹಿಸಿಕೊಂಡಿದ್ದರು. ಅವರ ಅಂಗೈ ಕಡಲೆಕಾಯಿ ಸುಲಿದು ಮರದಂತಾಗಿತ್ತು, ಮನಸ್ಸು ಮಾತ್ರ ಬೆಣ್ಣೆ. ಮನೆಯ ಮಕ್ಕಳೆಲ್ಲರಿಗೂ ಎಣ್ಣೆಸ್ನಾನ ಮಾಡಿಸಿದವರು ಅವರೇ. ಎಣ್ಣೆ ಯಾವುದೇ ಇರಲಿ, ತೊಗಲು ಬಿಸಿಯಾಗುವಂತೆ ತಿಕ್ಕಿದರೆ ಮಾತ್ರ ಮೈಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ.

"ಅತ್ತೆ, ಇದನ್ನ ಮುಟ್ಟಿಸಿ ಬಿಡಬೇಕು, ಉಜ್ಜಬಾರದು," ಎಂದು ಹೇಳಿದೆ.

"ಆಮಾ, ಸರಿ ಸರಿ, ನೀ ಕಚೇರೀಲಿ ಕಾಗಿತ ಉಜ್ಜು, ನಾ ಇಲ್ಲಿ ಎಣ್ಣೆ ಉಜ್ತೀನಿ. ಆಚೆ ಹೋಗಪ್ಪಾ, ಹೆಣ್ಣು ಸೀಲೆ ಉಡಬೇಕು," ಎಂದು ಬಾಗಿಲು ಮುಚ್ಚಿದರು.

ಒಳಗಿನಿಂದ ತಂಗಿಯ ದನಿ ಕೇಳಿತು. "ಅತ್ತೆ, ಸಾಕು, ಕೈ ಉರೀತದೆ! ಅಣ್ಣ ಬೇಡ ಅಂದ್ನಲ್ಲ!"

"ಉರೀಲಿ ಸುಮ್ನಿರೇ. ಕಂಕುಳು ಎತ್ತು. ರಂಬ ಜಾಸ್ತಿ ಬಾಸ್ನೆ ಬರಬೇಕು, ಬೀದಿ ತುದೀಲೇ ಗೊತ್ತಾಗಬೇಕು."

ಬಾಗಿಲು ತೆರೆದಾಗ ಗುಲಾಬಿ ಇಡೀ ಮನೆಯನ್ನು ತುಂಬಿತು. ಅತ್ತೆ ನನ್ನ ಕಡೆ ನೋಡಿ ನಕ್ಕರು. ಸೀಸೆಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಆದರೆ ರಾಹುಕಾಲ ಕಳೆಯಲೆಂದು ವರನ ಕಡೆಯವರು ಊರಾಚೆಯ ಮರದಡಿ ಗಾಡಿ ನಿಲ್ಲಿಸಿಕೊಂಡು ಕುಳಿತರು. ಇತ್ತ ಒಲೆಯ ಝಳದಲ್ಲಿ, ಬಿಗಿದ ರೇಷ್ಮೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ನನ್ನ ತಂಗಿ ಬೆವರುತ್ತ ಕುಳಿತಳು. ಹೂವಿನ ವಾಸನೆ ಯಾವಾಗಲೋ ಹಾರಿಹೋಯಿತು. ಕೋಣೆಯ ಬಾಗಿಲಲ್ಲಿ ನಿಂತು ಉಸಿರೆಳೆದೆ. ಬೆಕ್ಕು ಮೂಲೆಯಲ್ಲಿ ಹೇತು ಹೋದಂಥ, ಜಿಡ್ಡು ಕೊಳೆತಂಥ ವಾಸನೆ. ನೀರು ತರಿಸಬೇಕೆನ್ನುವಷ್ಟರಲ್ಲಿ ಗಾಡಿಯ ಗೆಜ್ಜೆ ಬಾಗಿಲಿಗೇ ಬಂತು.

ವರನ ತಾಯಿ ಎಲೆಅಡಿಕೆ ಹೊಗೆಸೊಪ್ಪು ಅಗಿಯುತ್ತಲೇ ಜಗುಲಿಯ ಚಾಪೆಯ ಮೇಲೆ ಕುಳಿತರು. ಸುತ್ತಲೂ ಬೀದಿಯ ಹೆಂಗಸರು. ತಂಗಿ ಬಂದು ನಮಸ್ಕರಿಸಿದಳು. ಆಕೆ ಅವಳ ಎರಡು ಕೈಗಳನ್ನೂ ಹಿಡಿದು ಕಣ್ಣಿನ ಕಡೆ ಎತ್ತಿಕೊಂಡವರು, ಅರ್ಧದಲ್ಲೇ ಮುಖ ಹಿಂದಕ್ಕೆಳೆದು ಕೈಗಳನ್ನು ಕೊಡವಿಬಿಟ್ಟರು.

"ಶೀ! ಇದೇನು ನಾತ? ಹುಣ್ಣಿನ ನಾತ! ಊರವರು ಹೇಳಿದ್ದು ಸುಳ್ಳಲ್ಲ ಹಂಗಾರೆ."

ಅನಂತರ ಆಕೆ ಮಾಡಿದ್ದನ್ನು ಬರೆಯಲು ಹೇಸಿಗೆಯಾಗುತ್ತದೆ. ಮತ್ತೆ ಹತ್ತಿರ ಸರಿದು ನನ್ನ ತಂಗಿಯ ತೋಳು, ಕತ್ತು, ಕೂದಲನ್ನು ಸಂತೆಯಲ್ಲಿ ಒಣಮೀನು ಮೂಸುವಂತೆ ಮೂಸಿದರು. ಪ್ರತಿ ಸಲವೂ ಮೂಗು ಸಿಂಡರಿಸುತ್ತ, ಹೊಗೆಸೊಪ್ಪಿನ ಕೆಂಪು ಎಂಜಲನ್ನು ನಮ್ಮ ಅಂಗಳದ ರಂಗೋಲಿಯ ಮೇಲೆ ಉಗುಳಿದರು. ತಂಗಿ ತಲೆಯೆತ್ತಲಿಲ್ಲ. ಅವಳ ಕೆನ್ನೆಯ ಮೇಲೂ ಎಂಜಲಿನ ಒಂದು ಹನಿ ಬಿದ್ದದ್ದನ್ನು ಕಂಡೆ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ತಾಯಿಯವರ ಬಿಳಿಯ ಸೆರಗು ಅಲ್ಲಾಡದೆ ನಿಂತಿತ್ತು.

ನಾನು ಮುಂದೆ ಬಂದು, ಇದು ಅತ್ತರನ್ನು ಉಜ್ಜಿದ್ದರಿಂದ ಬಂದ ವಾಸನೆಯೆಂದು ನಿವೇದಿಸಿದೆ.

"ಅತ್ತರು ನಾರ್ತದಾ? ಯಾರಿಗೆ ಹೇಳ್ತೀಯ ತಂಬಿ ಈ ಕಚೇರಿ ಸೊಲ್ಲು?"

"ನಿಮ್ಮ ಕೈಯಲ್ಲೇ ನೋಡೋಣ ಅವ್ವಾ," ಎಂದೆ. "ನಿಮಗೆ ಹುಣ್ಣಿಲ್ಲವಲ್ಲ."

ಬೀದಿಯ ಹೆಂಗಸರು ನಕ್ಕದ್ದರಿಂದ ಆಕೆಗೆ ಹಿಂಜರಿಯಲು ಆಗಲಿಲ್ಲ. ಎಡಗೈ ಚಾಚಿದರು. ಉಳಿದಿದ್ದ ಅತ್ತರಿನಿಂದ ಅತ್ತೆ ಅಲ್ಲಿಗೆ ಒಂದು ಬೊಟ್ಟು ಮಾತ್ರ ಮುಟ್ಟಿಸಿದರು. ಬಲಗೈಗೆ, ನಾನು ಹೇಳಿದಂತೆ, ತಂಗಿಯ ಕೈಗೆ ಸುರಿದಷ್ಟೇ ಸುರಿದು ತಮ್ಮ ಮರದಂಥ ಅಂಗೈಯಿಂದ ತಿಕ್ಕಿದರು. ಹಾಗೆ ತಿಕ್ಕುವಾಗ ಅತ್ತೆಯ ಕಣ್ಣಲ್ಲಿ ನೀರು ಬರುತ್ತಿತ್ತು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಕೂರಬೇಕೆಂದು ಕೇಳಿಕೊಂಡೆವು. ಎಲೆಅಡಿಕೆ ತಿರುಗಿತು, ಪಾನಕ ತಿರುಗಿತು. ಬಿಸಿಲು ಅಂಗಳದಿಂದ ಜಗುಲಿಗೆ ಹತ್ತಿತು.

ಕೊನೆಗೆ ಆಕೆ ಎಡಗೈ ಮೂಸಿದರು. ಗುಲಾಬಿ. ಸೆರಗು ಬಿಚ್ಚಿ ಬಲಗೈ ಮೂಸಿದರು. ಕೂಡಲೇ ಅದನ್ನು ಮತ್ತೆ ಸೆರಗಿನಡಿ ಎಳೆದುಕೊಂಡರು. ಪಕ್ಕದಲ್ಲಿದ್ದ ಮುದುಕಿಯೊಬ್ಬರು ಆ ಕೈಯನ್ನು ಎಳೆದು ಮೂಸಿ, "ಅಯ್ಯೋ, ಅದೇ ನಾತ! ಹೆಣ್ಣಿನ ಕೈಗಿಂತ ಜಾಸ್ತಿ!" ಎಂದುಬಿಟ್ಟರು. ಕೈ ಒಬ್ಬರಿಂದೊಬ್ಬರಿಗೆ ಹೋಯಿತು. ಎಲ್ಲರೂ ಮೂಸಿದರು, ಎಲ್ಲರೂ ಮುಖ ಹಿಂಡಿದರು.

ಆಕೆಯೂ ನಕ್ಕರು. ನಕ್ಕು, ಆ ಬಲಗೈಯನ್ನು ನನ್ನ ತಂಗಿಯ ಹೆಗಲ ಮೇಲಿನ ರೇಷ್ಮೆಗೆ ಒರಸಿಕೊಂಡರು. "ಸರಿ, ಅತ್ತರೇ ಇರಲಿ. ಆದ್ರೂ ಒಂದು ಮಾತು ಇದೆಯಲ್ಲ. ಹೆಣ್ಣನ್ನ ಒಳಗೆ ಕರ್ಕೊಂಡೋಗಿ ಸೀಲೆ ಬಿಚ್ಚಿ ಒಂದ್ಸಾರಿ ನೋಡಿಬಿಡ್ತೀನಿ. ಮೈ ಸುದ್ದ ಇದ್ರೆ ಇವತ್ತೇ ವೀಳ್ಯ ಮಾತ್ತಿ ಸಂಬಂಧ ಗಟ್ಟಿ ಮಾಡೋಣ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ನನ್ನ ತಂಗಿ ತಲೆಯೆತ್ತಿದಳು.

"ನಿಮ್ಮ ಕೈಯೂ ನಾರ್ತದಲ್ಲವ್ವಾ," ಎಂದಳು. "ಮೊದ್ಲು ನೀವು ಬಿಚ್ಚಿ. ನಾ ನೋಡ್ತೀನಿ."

ಯಾರೋ ಕಿಸಕ್ಕೆಂದರು. ವರನ ತಾಯಿ ಎದ್ದುನಿಂತರು. "ಕೇಳಿದಿರಾ ಬಾಯಿ! ಇಂಥವಳನ್ನ ನನ್ನ ಮನೆಗೆ ತರಲಾ?" ಎಂದು ನನ್ನನ್ನೇ ಕೇಳಿದರು. ಕ್ಷಮೆ ಕೇಳಿದ್ದರೆ ಆ ಸಂಬಂಧ ಆಗಿಯೇ ಬಿಡುತ್ತಿತ್ತೇನೋ. ನಾನು ಒಳಗಿನ ಬಿಳಿಯ ಸೆರಗಿನ ಕಡೆ ನೋಡಿದೆ. ತಾಯಿಯವರು ಬರಬಾರದ ಬಾಗಿಲನ್ನು ದಾಟಿ ಬಂದು, ಮಗಳ ಕೆನ್ನೆಯ ಎಂಜಲನ್ನು ತಮ್ಮ ಹೆಬ್ಬೆರಳಿನಿಂದ ಒರಸಿ, "ಗಾಡಿ ಕಟ್ಟಿಸಪ್ಪಾ, ಅವರಿಗೆ ಹೊತ್ತಾತು," ಎಂದರು.

ಅವರು ಹೋದರು. ಬಲಗೈಯನ್ನು ಗಾಡಿಯ ಹೊರಗೆ ಚಾಚಿಕೊಂಡೇ ಆಕೆ ಹೋದದ್ದನ್ನು ಬೀದಿಯೆಲ್ಲ ನೋಡಿತು. ತರುವಾಯ ನಮ್ಮ ರಕ್ತದ ಬಗ್ಗೆ ಯಾರಾದರೂ ಬಾಯಿ ತೆರೆದರೆ, ಅಂದು ಆ ಕೈ ಮೂಸಿದ ಹೆಂಗಸರೇ ಅವರ ಬಾಯಿ ಮುಚ್ಚಿಸುತ್ತಿದ್ದರು. ತಂಗಿಗೆ ಚಿನ್ನಾಳಪಟ್ಟಿಯ ಕಡೆ ಸಂಬಂಧವಾಯಿತು. ಅಲ್ಲಿಯವರು ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಸುಮ್ಮನೆ ಬಿಟ್ಟರು.

ಆ ಗಾಡಿ ಹೋದ ದಿನದ ಸಂಜೆ ತಂಗಿ ಬಾವಿಕಟ್ಟೆಯಲ್ಲಿ ಕುಳಿತು ಸೀಗೆಪುಡಿಯಿಂದ ಕೈ ತೊಳೆದುಕೊಳ್ಳುತ್ತಿದ್ದಳು. ಅತ್ತೆ ಪಕ್ಕದಲ್ಲಿ ನೀರಿನ ಚೆಂಬು ಹಿಡಿದು, ಮುಟ್ಟಲು ಧೈರ್ಯವಾಗದೆ ನಿಂತಿದ್ದರು. ನಾನು ಅಂಗಳದ ಎಂಜಲಿಗೆ ಎರಡನೆಯ ಸಲ ಸಗಣಿನೀರು ಹಾಕಿಸುತ್ತಿದ್ದೆ.

ತಂಗಿ ಎರಡು ಕೈಗಳನ್ನೂ ಅತ್ತೆಯ ಮುಂದೆ ಚಾಚಿದಳು. "ಈಗ ಉಜ್ಜು ಅತ್ತೆ," ಎಂದಳು. "ಈಗ ಎಷ್ಟು ಬೇಕಾದ್ರೂ ಉಜ್ಜು."